ಬಟ್ಟಲು ಕಾಯುವ ನಾಯಿ, ಸುಳ್ಳು ಆಲ್ಫಾ: ನನ್ನ ಅನುಭವ

ಪುಣೆಯ ಕೋಥ್ರೂಡ್‌ನಲ್ಲಿ ಧಾರವಾಡದವರ ಮನೆಯ ಲ್ಯಾಬ್ರಡಾರ್ ಒಂದು, ಮೊದಲು ಬಟ್ಟಲ ಹತ್ತಿರ ಯಾರು ಬಂದರೂ ಗುರ್ರೆನ್ನುತ್ತಿದ್ದದ್ದು, ಈಗ ಉಣ್ಣುವಾಗ ಯಾರಾದರೂ ಹತ್ತಿರ ಬಂದರೆ ಬಾಲ ಆಡಿಸುತ್ತದೆ. ಅದನ್ನು ಕೋಳಿತುಂಡು ಎಸೆದು ತಿದ್ದಿದ್ದಕ್ಕೆ "ನಾಯಿಗೆ ಲಂಚ ಕೊಡ್ತೀಯೇನೋ" ಎಂದು ನಕ್ಕ ಟ್ರೇನರ್ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ.

ನನಗಿಂತ ಮೊದಲು ಬಂದ ಟ್ರೇನರ್ ಹನ್ನೆರಡು ಸಾವಿರದಷ್ಟು ತೆಗೆದುಕೊಂಡು, ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿಯಲು ಕಲಿಸಿದ್ದ. ನೀವೇ ಆಲ್ಫಾ, ಅಂದರೆ ಗುಂಪಿನ ಒಡೆಯ, ಅಂತ ಅದಕ್ಕೆ ಗೊತ್ತಾಗಬೇಕಂತೆ. ಗುರ್ರೆನ್ನುವುದು ನಿಂತಿತು, ನಿಜ. ಆಮೇಲೆ ಸದ್ದೇ ಮಾಡದೆ ಯಜಮಾನರ ಕೈ ಕಚ್ಚಿತು. ಹೆದರಿಕೆ ಹಾಗೇ ಉಳಿದು ಎಚ್ಚರಿಕೆಯಷ್ಟೇ ಹೋಗಿತ್ತು. ಹೊಲಿಗೆ, ರೇಬೀಸ್ ಇಂಜೆಕ್ಷನ್ ಎಂದು ಮತ್ತೆ ಖರ್ಚು. "ಸರ, ಇದು ನಮ್ಮನ್ನ ಲೆಕ್ಕಕ್ಕ ಹಿಡಿಯಂಗಿಲ್ರೀ" ಅಂದರು ಮನೆಯಾಕೆ.

ಆಲ್ಫಾ ಕತೆಯ ಬೇರು 1947ರಲ್ಲಿ ಪ್ರಾಣಿಗಳ ವರ್ತನೆ ಅಭ್ಯಾಸ ಮಾಡಿದ ರುಡಾಲ್ಫ್ ಶೆಂಕೆಲ್ ತೋಳಗಳ ಬಗ್ಗೆ ಬರೆದ ವರದಿಯಲ್ಲಿದೆ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ, ಜಗಳವಾದರೂ ಬಿಟ್ಟುಹೋಗಲು ದಾರಿಯಿಲ್ಲದ ತೋಳಗಳನ್ನು. ತೋಳಗಳ ಸಂಶೋಧಕ ಡೇವಿಡ್ ಮೀಚ್ 1986ರಿಂದ ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳ ಜೊತೆ ಬೇಸಿಗೆಗಳನ್ನು ಕಳೆದು, 1999ರಲ್ಲಿ ಬೇರೆಯೇ ಚಿತ್ರ ಕೊಟ್ಟರು: ಸಾಮಾನ್ಯವಾಗಿ ಗುಂಪೆಂದರೆ ಅಪ್ಪ, ಅಮ್ಮ, ಮರಿಗಳು. ಮರಿಗಳು ಬೆಳೆದ ಮೇಲೆ ಮನೆ ಬಿಟ್ಟು ಜೋಡಿ ಹುಡುಕಿಕೊಳ್ಳುತ್ತವೆ, ಯಾರೂ ಪಟ್ಟಕ್ಕಾಗಿ ಕುಸ್ತಿ ಮಾಡುವುದಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಅವರ ಇನ್ನೊಂದು ಮಾತು. ತೋಳದ ಮೂತಿಯ ಸುತ್ತ ಸ್ವಲ್ಪ ಜಾಗ ಅದರದೇ ಸೊತ್ತು. ಗುಂಪಿನಲ್ಲಿ ಕೆಳಗಿನ ಸ್ಥಾನದ ತೋಳ ಕೂಡ ಅಲ್ಲಿರುವ ಮಾಂಸವನ್ನು ಮೇಲಿನದ್ದಕ್ಕೆ ಬಿಟ್ಟುಕೊಡದೆ ಉಳಿಸಿಕೊಳ್ಳಬಲ್ಲದು. ಅಂದಮೇಲೆ ಬಟ್ಟಲ ಮುಂದೆ ಗುರ್ರೆಂದರೆ ದಂಗೆ ಎದ್ದಿದೆ ಎಂದಲ್ಲ.

ಹಾಗಾಗಿ ಬಟ್ಟಲಿಗೆ ಬರೀ ಅನ್ನ ಹಾಕಿಸಿದೆ. ಎಂಟಡಿ ದೂರದಿಂದಲೇ, ಎಲ್ಲೂ ನಿಲ್ಲದೆ, ಮುಖ ನೋಡದೆ ಹಾದುಹೋಗುತ್ತಾ ಬೇಯಿಸಿದ ಕೋಳಿತುಂಡು ಎಸೆದು ಮುಂದೆ ಹೋಗುವುದು, ಅಷ್ಟೇ. ಮೊದಲು ಅಗ್ಗವೆಂದು ಮೊಟ್ಟೆ ಎಸೆದೆವು, ಅದು ಮೂಸಿಯೂ ನೋಡಲಿಲ್ಲ. ಕೋಳಿಗೆ ತಿಂಗಳಿಗೆ ಎರಡು ಸಾವಿರ ಬಿದ್ದಿರಬೇಕು. ನಾಯಿ ನಿರಾಳವಾಗಿದ್ದರೆ ಸ್ವಲ್ಪ ಸ್ವಲ್ಪವೇ ಹತ್ತಿರ; ಮೈ ಬಿಗಿಹಿಡಿದರೆ, ಗಬಗಬ ನುಂಗಿದರೆ, ಕಣ್ಣಿನ ಬಿಳಿ ಕಂಡರೆ ಎರಡಡಿ ಹಿಂದಕ್ಕೆ. ಗಣಪತಿ ಹಬ್ಬದ ಢೋಲ್ ಶುರುವಾದಾಗ ಮತ್ತೆ ಎಂಟಡಿಗೇ ಬಂದು ನಿಂತೆವು. ಸುಮಾರು ಎರಡು ತಿಂಗಳಲ್ಲಿ ಬಟ್ಟಲ ಪಕ್ಕಕ್ಕೆ ತಲುಪಿದೆವು. ಆ ಕೊನೆಯ ಎರಡಡಿ ದಾಟಿಸುವ ಉಪಾಯ ಫೀ ಕೊಟ್ಟವರಿಗೆ ಮಾತ್ರ!

ನಡುವೆ ಚಿಕನ್ ಅಂಗಡಿ ಎದುರಿನ ಬೀದಿನಾಯಿಗಳನ್ನೂ ನೋಡುತ್ತಾ ನಿಂತೆ. ಬಡಕಲು ನಾಯಿಯ ಬಾಯಿಗೆ ಕೋಳಿಯ ಕತ್ತು ಸಿಕ್ಕಮೇಲೆ ದಾಂಡಿಗ ನಾಯಿಯೊಂದು ನೋಡಿ ಸುಮ್ಮನೆ ಬೇರೆ ಕಡೆ ನಡೆಯಿತು. ಎಲ್ಲ ಸಲವೂ ಹೀಗಿಲ್ಲ: ನೆಲದ ಮೇಲೆ ಬಿದ್ದಿದ್ದರೆ ಕಿತ್ತಾಟವೇ. ತಾಯಿಯೂ ಬೆಳೆದ ಮರಿಗೆ ಬಿಡುತ್ತಿರಲಿಲ್ಲ.

ನಮ್ಮ ಲ್ಯಾಬ್ರಡಾರ್‌ಗೆ ಮೂಳೆ ಮಾತ್ರ ಇನ್ನೂ ಕೊಡಿಸಿಲ್ಲ. ಅದಕ್ಕೆ ಮತ್ತೆ ಎಂಟಡಿಯಿಂದ ಶುರು ಮಾಡಬೇಕು, ಮೊಮ್ಮಕ್ಕಳು ಬಂದಾಗ ಉಣ್ಣುವ ಕೋಣೆಯ ಬಾಗಿಲು ಹಾಕಿಯೇ ಇರಬೇಕು.