ಒಂದು ಟ್ಯಾಬ್, ಮೂರು ಮಕ್ಕಳ ಮೀಟಿಂಗ್: ನನ್ನ ಅನುಭವ

"ಮೂರು ಮಕ್ಳಿಗೆ ಒಂದೇ ಟ್ಯಾಬ್ ಎಲ್ಲಿ ಸಾಲುತ್ತಪ್ಪಾ, ಇನ್ನೊಂದು ತಗೊಂಡುಬಿಡು" ಅಂತ ನಮ್ಮ ಭಾವ ಹೇಳಿದ್ದು 2021ರ ಜೂನ್‌ನಲ್ಲಿ, ಕೊರೊನಾದಿಂದ ಕ್ಲಾಸೆಲ್ಲ ಆನ್‌ಲೈನ್ ಆಗಿದ್ದಾಗ. ಹನ್ನೊಂದು ಸಾವಿರದ ಹತ್ತಿರ ಬಿದ್ದಿದ್ದ ಆ ಟ್ಯಾಬಿನ ಕಂತೇ ಇನ್ನೂ ತೀರಿರಲಿಲ್ಲ.

ಮೊದಲು ಮೂವರ ಶಾಲೆಯ ಐಡಿಗಳನ್ನೂ ಒಂದೇ ಕಡೆ ತುಂಬಿದೆ. ಅಕ್ಕ ಕ್ಲಾಸ್ ಮುಗಿಸಿ ಎದ್ದ ಮೇಲೆ ಕಿರಿಯವನು ಲಿಂಕ್ ಒತ್ತಿದರೆ ಗೂಗಲ್ ಮೀಟ್ ಅವನನ್ನು ಅಕ್ಕನ ಹೆಸರಲ್ಲೇ ಒಳಗೆ ಕೂರಿಸುತ್ತಿತ್ತು. ಮೂರು ದಿನ ಗೈರುಹಾಜರಿ ಬಿದ್ದ ಮೇಲೆ ಗೊತ್ತಾಯಿತು. ಆಮೇಲೆ ಗೆಸ್ಟ್ ಯೂಸರ್ ಪ್ರಯತ್ನಿಸಿದೆ. ಗೆಸ್ಟ್ ಮುಗಿಸಿದರೆ ಲಾಗಿನ್ ಎಲ್ಲ ಅಳಿಸಿಹೋಗುತ್ತೆ, ದಿನಾ ಬೆಳಿಗ್ಗೆ ಪಾಸ್‌ವರ್ಡ್ ಹುಡುಕೋದೇ ಕೆಲಸ.

ಕೊನೆಗೆ `Settings → System → Multiple users`ಗೆ ಹೋಗಿ ಮೂವರಿಗೂ ಬೇರೆ ಬೇರೆ ಯೂಸರ್ ಮಾಡಿದೆ. ಅಲ್ಲೂ ಒಂದು ಎಡವಟ್ಟು. ಬರೀ ಶಾಲೆಯ ಐಡಿ ಹಾಕಿದ್ದೆ. ಶಾಲೆಯವರು ಪಾಸ್‌ವರ್ಡ್ ಉಳಿಸೋದನ್ನ ಬಂದ್ ಮಾಡಿದ್ದರಿಂದ ಏನೂ ಸೇವ್ ಆಗಲಿಲ್ಲ. ಎಲ್ಲ ಅಳಿಸಿ, ಪ್ರತಿ ಯೂಸರ್‌ನಲ್ಲೂ ಮೊದಲು ನಾನೇ ಮಾಡಿದ ಮನೆಯ ಜಿಮೇಲ್, ಎರಡನೆಯದಾಗಿ ಶಾಲೆಯ ಐಡಿ ಹಾಕಿದೆ. ಟೆಸ್ಟ್ ಬರೆಯುವ ಸೈಟಿನ ಪಾಸ್‌ವರ್ಡ್‌ಗಳು ಮನೆಯ ಜಿಮೇಲಲ್ಲಿ ಉಳಿದವು. ಮೀಟಿಂಗ್ ಸೇರುವ ಮುಂಚೆ ಮೇಲೆ ಬಲಗಡೆಯ ದುಂಡು ಚಿತ್ರ ಒತ್ತಿ ಶಾಲೆಯ ಐಡಿ ಇದೆಯಾ ಅಂತ ನೋಡೋದು ಮಕ್ಕಳಿಗೆ ವಾರದಲ್ಲೇ ರೂಢಿಯಾಯಿತು. ಒಬ್ಬರ ಪಿನ್ ಇನ್ನೊಬ್ಬರಿಗೆ ಸಿಗದ ಹಾಗೆ ಹೇಗೆ ಇಟ್ಟೆ ಅಂತ ಮಾತ್ರ ಬರೆಯಲ್ಲ, ನಮ್ಮನೆಯ ಮೂರೂ ಓದುತ್ತವೆ.

ಜಾಗ ಸಾಲದೆ ನಾನೂರೈವತ್ತು ಕೊಟ್ಟು ಮೆಮೊರಿ ಕಾರ್ಡ್ ತಂದೆ. ನನ್ನ ಟ್ಯಾಬಲ್ಲಿ ಅದು ಕಾಣಿಸಿದ್ದು ನನ್ನ ಯೂಸರ್‌ಗೆ ಮಾತ್ರ, ಮಕ್ಕಳ ಕಡೆ ಇಲ್ಲ. ದುಡ್ಡು ದಂಡ. ಟ್ಯಾಬಿನ ಒಳಗಿನ 32 ಜಿಬಿಯಲ್ಲಿ ವಾಟ್ಸಾಪ್ ವಿಡಿಯೊ ತೆಗೆದ ಮೇಲೆ ಉಸಿರಾಡಿತು.

ಯೂಸರ್ ಬದಲಿಸಿದ ತಕ್ಷಣ ಹಿಂದಿನವರ ಮೈಕ್, ಕ್ಯಾಮೆರಾ ನಿಂತುಹೋಗುತ್ತೆ. ಹಾಗಾಗಿ ಒಂದೇ ಹೊತ್ತಿಗೆ ಇಬ್ಬರ ಕ್ಲಾಸ್ ಬಂದರೆ ಈ ಉಪಾಯ ನಡೆಯಲ್ಲ. ಮಂಗಳವಾರ, ಶುಕ್ರವಾರ ದೊಡ್ಡವನು ಅಮ್ಮನ ಫೋನಲ್ಲಿ ಕೂರುತ್ತಿದ್ದ. ಟ್ಯಾಬ್ ಆಫ್ ಮಾಡಿ ಆನ್ ಮಾಡಿದ ದಿನ ಒಮ್ಮೆ ಎಲ್ಲರ ಪಿನ್ ಹಾಕದಿದ್ದರೆ ಅವರ ರಿಮೈಂಡರ್ ಹೊಡೆಯೋದೇ ಇಲ್ಲ. ಒಂದು ಯೂನಿಟ್ ಟೆಸ್ಟ್ ಹೀಗೇ ತಪ್ಪಿತು.

ಎರಡನೇ ಟ್ಯಾಬ್ ತರಲೇ ಇಲ್ಲ. ಆಮೇಲೆ ಭಾವನೇ ತಮ್ಮ ಹೊಸ ಟ್ಯಾಬ್ ಹಿಡ್ಕೊಂಡು ಬಂದು "ನಮಗೂ ಮಾಡಿಕೊಡು" ಅಂದರು. ಹುಡುಕಿದೆ, ಅದರಲ್ಲಿ `Multiple users` ಅನ್ನೋ ಸಾಲೇ ಇಲ್ಲ, ಕಂಪನಿಯವರೇ ತೆಗೆದಿದ್ದಾರೆ. ಕೊಳ್ಳುವಾಗ ಅಂಗಡಿಯಲ್ಲೇ ಸೆಟ್ಟಿಂಗ್ಸ್ ತೆರೆದು ನೋಡಬೇಕಿತ್ತು ಭಾವ, ಅಂದೆ.