ಟಾರ್ ಯಾರಿಂದ ಏನನ್ನು ಮುಚ್ಚಿಡುತ್ತದೆ?

2013ರ ಡಿಸೆಂಬರ್ 16ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಕಳುಹಿಸಿದವನು ಪರೀಕ್ಷೆ ತಪ್ಪಿಸಿಕೊಳ್ಳಲು ಹೊರಟಿದ್ದ ಅಲ್ಲಿನದೇ ಒಬ್ಬ ವಿದ್ಯಾರ್ಥಿ. ಹೆಸರು ಕೊಡಬೇಕಿಲ್ಲದ ತಾತ್ಕಾಲಿಕ ಮೇಲ್ ಸೇವೆಯನ್ನು, ಯಾರು ಎಲ್ಲಿಂದ ಬಂದರು ಎಂಬುದನ್ನು ಮುಚ್ಚಿಡುವ ಟಾರ್ ಜಾಲದ ಮೂಲಕ ತೆರೆದು ಬಳಸಿದ್ದ. ಮೇಲ್‌ನ ಜಾಡು ಹಿಡಿದವರು ಟಾರ್ ಜಾಲದವರೆಗೆ ಬಂದು ನಿಂತರು, ಅಲ್ಲಿಂದ ಹಿಂದಕ್ಕೆ ದಾರಿ ಸಿಗಲಿಲ್ಲ. ಆಗ ಅವರು ಇನ್ನೊಂದು ತುದಿಯಿಂದ ಹುಡುಕಿದರು: ಮೇಲ್ ಬರುವ ಮುಂಚಿನ ಕೆಲವು ಗಂಟೆಗಳಲ್ಲಿ ಕ್ಯಾಂಪಸ್ಸಿನ ವೈಫೈನಿಂದ ಟಾರ್‌ಗೆ ಹೋದವರು ಯಾರು? ವೈಫೈ ದಾಖಲೆಯಲ್ಲಿ ಆ ವಿದ್ಯಾರ್ಥಿ ಇದ್ದ. ವಿಚಾರಿಸಿದಾಗ ಒಪ್ಪಿಕೊಂಡ.

ಈ ಪ್ರಕರಣದಲ್ಲಿ ಟಾರ್ ಎಲ್ಲೂ ಮುರಿದುಬಿದ್ದಿರಲಿಲ್ಲ. ಅದು ಮುಚ್ಚಬೇಕಾದದ್ದನ್ನು ಮುಚ್ಚಿತ್ತು. ನೀವು ಟಾರ್ ಬಳಸುತ್ತಿದ್ದೀರಿ ಎಂಬ ಸಂಗತಿ ಮಾತ್ರ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಇದು ಏಕೆ ಹೀಗೆ ಎಂದು ತಿಳಿಯಲು ಒಳಗಿನ ಕೆಲಸವನ್ನು ಹಂತಹಂತವಾಗಿ ನೋಡಬೇಕು.

ಪದರ ಕಟ್ಟುವುದು, ಬಿಚ್ಚುವುದು

ಈರುಳ್ಳಿಯಂತೆ ಪದರ ಪದರವಾಗಿ ಸುತ್ತಿ ಕಳುಹಿಸುವ ಈ ವಿಧಾನ 1990ರ ದಶಕದ ನಡುವಿನಲ್ಲಿ ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ಹುಟ್ಟಿತು. ಇಂದು ಟಾರ್ ನಡೆಯುವುದು ಬೇರೆ ಬೇರೆ ದೇಶಗಳ ಸ್ವಯಂಸೇವಕರು ನಡೆಸುವ, ಡೇಟಾವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸಾವಿರಾರು ರಿಲೇ ಯಂತ್ರಗಳ ಮೇಲೆ.

ಟಾರ್ ಬ್ರೌಸರ್ ಮೊದಲು ಈ ರಿಲೇಗಳ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. ಅದರಿಂದ ಸಾಮಾನ್ಯವಾಗಿ ಮೂರನ್ನು ಆರಿಸುತ್ತದೆ: ಒಳಬಾಗಿಲಿಗೆ ಗಾರ್ಡ್, ನಡುವೆ ಒಂದು, ಹೊರಬಾಗಿಲಿಗೆ ಎಕ್ಸಿಟ್. ಗಾರ್ಡ್ ಜೊತೆ ಒಂದು ರಹಸ್ಯ ಕೀಲಿ ಮಾಡಿಕೊಳ್ಳುತ್ತದೆ. ಗಾರ್ಡ್ ಮೂಲಕವೇ ಹಾದು ನಡುವಿನ ರಿಲೇ ಜೊತೆ ಎರಡನೆಯ ಕೀಲಿ, ಅವೆರಡನ್ನೂ ಹಾದು ಎಕ್ಸಿಟ್ ಜೊತೆ ಮೂರನೆಯದು. ಹೀಗಾಗಿ ಎಕ್ಸಿಟ್‌ಗೆ ತಾನು ಯಾರ ಜೊತೆ ಕೀಲಿ ಮಾಡಿಕೊಂಡೆ ಎಂಬುದೇ ಗೊತ್ತಿರುವುದಿಲ್ಲ.

ಕಳುಹಿಸುವಾಗ ಸಂದೇಶವನ್ನು ಮೊದಲು ಎಕ್ಸಿಟ್‌ನ ಕೀಲಿಯಿಂದ, ಅದರ ಮೇಲೆ ನಡುವಿನದರಿಂದ, ಹೊರಗಡೆ ಗಾರ್ಡ್‌ನದರಿಂದ ಸುತ್ತುತ್ತದೆ. ದಾರಿಯಲ್ಲಿ ಒಂದೊಂದು ರಿಲೇ ಒಂದೊಂದು ಪದರ ಬಿಚ್ಚುತ್ತದೆ. ಗಾರ್ಡ್‌ಗೆ ನಿಮ್ಮ ಐಪಿ ವಿಳಾಸ ಗೊತ್ತು, ಹೋಗುವ ತಾಣ ಗೊತ್ತಿಲ್ಲ. ಎಕ್ಸಿಟ್‌ಗೆ ತಾಣ ಗೊತ್ತು, ನೀವು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ವಿಪಿಎನ್‌ಗೂ ಟಾರ್‌ಗೂ ಇರುವ ಮುಖ್ಯ ವ್ಯತ್ಯಾಸ ಇದೇ: ವಿಪಿಎನ್‌ನಲ್ಲಿ ಎಲ್ಲವೂ ಒಂದೇ ಕಂಪನಿಯ ಮೂಲಕ ಹಾಯುವುದರಿಂದ ಅದಕ್ಕೆ ಎರಡು ತುದಿಯೂ ಕಾಣುತ್ತದೆ.

ನಿಮಗೆ ಇಂಟರ್ನೆಟ್ ಕೊಡುವವರಿಗೆ ಗಾರ್ಡ್‌ನ ವಿಳಾಸ, ಸಮಯ ಮತ್ತು ಎಷ್ಟು ಡೇಟಾ ಹೋಯಿತು ಎಂಬುದು ಕಾಣುತ್ತದೆ. ರಿಲೇಗಳ ಪಟ್ಟಿ ಸಾರ್ವಜನಿಕವಾದ್ದರಿಂದ ಅದು ಟಾರ್ ಎಂದು ಗುರುತಿಸುವುದು ಸುಲಭ. ಹಾರ್ವರ್ಡ್ ವೈಫೈನಲ್ಲಿ ಆದದ್ದು ಇದೇ. ಸಾರ್ವಜನಿಕ ಪಟ್ಟಿಯಲ್ಲಿಲ್ಲದ ಬ್ರಿಡ್ಜ್ ರಿಲೇಗಳನ್ನು ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಗುರುತಿಸುವುದು ಕಷ್ಟವಾಗುತ್ತದೆ, ಆದರೆ ಅಸಾಧ್ಯವಲ್ಲ.

ಕಣ್ಣಾರೆ ನೋಡುವುದು

`torproject.org`ನಿಂದ ಟಾರ್ ಬ್ರೌಸರ್ ಇಳಿಸಿಕೊಂಡು ತೆರೆದು ಸಂಪರ್ಕ ಪಡೆಯಿರಿ. ಅದನ್ನು ಮುಚ್ಚದೆ, ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಈ ಎರಡು ಸಾಲುಗಳನ್ನು ಒಂದರ ನಂತರ ಒಂದು ಕೊಡಿ:

```
curl https://check.torproject.org/api/ip
curl --socks5-hostname 127.0.0.1:9150 https://check.torproject.org/api/ip
```

ಮೊದಲನೆಯದಕ್ಕೆ `"IsTor":false` ಎಂದೂ ನಿಮ್ಮ ನಿಜವಾದ ವಿಳಾಸವೂ ಬರುತ್ತದೆ. ಎರಡನೆಯದಕ್ಕೆ `"IsTor":true` ಮತ್ತು ಎಕ್ಸಿಟ್‌ನ ವಿಳಾಸ. ಬ್ರೌಸರ್ ತೆರೆದಿದ್ದರೂ ಮೊದಲ ಸಾಲು ಟಾರ್ ಒಳಗೆ ಹೋಗಲಿಲ್ಲ ಎಂಬುದನ್ನು ಗಮನಿಸಿ. ಟಾರ್ ಬ್ರೌಸರ್ ತನ್ನ ಕಿಟಕಿಯೊಳಗಿನದನ್ನು ಮಾತ್ರ ಮುಚ್ಚುತ್ತದೆ, ಇಡೀ ಕಂಪ್ಯೂಟರನ್ನಲ್ಲ. ಎರಡನೆಯ ಸಾಲಿನಲ್ಲಿ `--socks5-hostname` ಬದಲು ಬರೀ `--socks5` ಎಂದು ಬರೆದರೂ ಉತ್ತರ `true` ಎಂದೇ ಬರುತ್ತದೆ, ಆದರೆ ತಾಣದ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಪ್ರಶ್ನೆ ಟಾರ್ ಹೊರಗಿನಿಂದ ಹೋಗುತ್ತದೆ. ನೀವು ಯಾವ ತಾಣಕ್ಕೆ ಹೊರಟಿರಿ ಎಂಬುದು ಹೀಗೆ ಸೋರುತ್ತದೆ. ಬೇರೆ ತಂತ್ರಾಂಶಗಳನ್ನು ಟಾರ್‌ಗೆ ಜೋಡಿಸುವವರು ತುಂಬಾ ಸಲ ಎಡವುವುದು ಇಲ್ಲಿಯೇ.

ಇನ್ನು ಬ್ರೌಸರ್‌ನಲ್ಲಿ ಯಾವುದಾದರೂ ತಾಣ ತೆರೆದು ವಿಳಾಸಪಟ್ಟಿಯ ಎಡಬದಿಯ ಸರ್ಕ್ಯೂಟ್ ಚಿಹ್ನೆ ಒತ್ತಿ. ಮೂರು ರಿಲೇಗಳೂ ಅವುಗಳ ದೇಶಗಳೂ ಕಾಣುತ್ತವೆ. `New Tor circuit for this site` ಒತ್ತಿದರೆ ದಾರಿ ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ ಮೊದಲನೆಯದು ಹಾಗೇ ಉಳಿಯುತ್ತದೆ. ಇದನ್ನು ದೋಷವೆಂದುಕೊಳ್ಳುವವರಿದ್ದಾರೆ. ಬೇಕೆಂದೇ ಹಾಗೆ ಇಟ್ಟದ್ದು.

ಲೆಕ್ಕ ಹಾಕಿ ನೋಡಿ. ಒಬ್ಬ ಕಳ್ಳನ ಕೈಯಲ್ಲಿ ನೂರರಲ್ಲಿ 5 ಒಳಬಾಗಿಲು, 5 ಹೊರಬಾಗಿಲು ಇವೆ ಎನ್ನೋಣ. ಒಂದು ದಾರಿಯ ಎರಡು ತುದಿಯೂ ಅವನ ಪಾಲಾಗುವ ಸಾಧ್ಯತೆ 400ರಲ್ಲಿ 1. ಪ್ರತಿ ದಾರಿಗೂ ಎರಡೂ ತುದಿ ಬದಲಿಸುತ್ತಾ ಹೋದರೆ 400 ದಾರಿಗಳಲ್ಲಿ ಒಮ್ಮೆಯಾದರೂ ಸಿಕ್ಕಿಬೀಳುವ ಸಾಧ್ಯತೆ ಶೇ 63. ಒಂದೇ ಗಾರ್ಡನ್ನು ತಿಂಗಳುಗಟ್ಟಲೆ ಹಿಡಿದುಕೊಂಡರೆ, ನೂರರಲ್ಲಿ 95 ಜನರಿಗೆ ಆ ಅವಧಿಯಿಡೀ ಅವನ ಕಾಟವಿಲ್ಲ.

ಎರಡು ತುದಿ ಸಿಕ್ಕರೆ ಏನಾಗುತ್ತದೆ? ಪದರ ಒಡೆಯುವ ಅಗತ್ಯವೇ ಬೀಳುವುದಿಲ್ಲ. 10 ಗಂಟೆ 4 ನಿಮಿಷಕ್ಕೆ ನಿಮ್ಮಿಂದ ಡೇಟಾ ಹೊರಟಿತು, ಅರೆಕ್ಷಣದಲ್ಲಿ ಅಷ್ಟೇ ಡೇಟಾ ತಾಣಕ್ಕೆ ತಲುಪಿತು. ಈ ಏರಿಳಿತಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಟಾರ್ ಡೇಟಾವನ್ನು ಒಂದೇ ಅಳತೆಯ ತುಂಡುಗಳಾಗಿ ಕಳುಹಿಸುತ್ತದೆ ನಿಜ, ಆದರೆ ಬೇಕೆಂದು ತಡ ಮಾಡುವುದಿಲ್ಲ, ಮಾಡಿದರೆ ಬ್ರೌಸಿಂಗ್ ನಡೆಯದು. ಎರಡೂ ತುದಿ ಕಾಣುವವರಿಂದ ರಕ್ಷಿಸುವ ಭರವಸೆಯನ್ನು ಅದನ್ನು ಕಟ್ಟಿದವರೇ ಕೊಟ್ಟಿಲ್ಲ.

ಹೊರಬಾಗಿಲಿನ ಅಪಾಯ

ಎಕ್ಸಿಟ್ ಕೊನೆಯ ಪದರ ಬಿಚ್ಚಿದ ಮೇಲೆ ಉಳಿಯುವುದು ನೀವು ಮೂಲದಲ್ಲಿ ಕಳುಹಿಸಿದ್ದು. ಅದು ತಾಣದವರೆಗೂ ಗೂಢಲಿಪಿಯಲ್ಲೇ ಹೋಗುವ HTTPS ಆಗಿದ್ದರೆ ಎಕ್ಸಿಟ್ ನಡೆಸುವವರಿಗೆ ಯಾವ ತಾಣ ಎಂಬುದಷ್ಟೇ ತಿಳಿಯುತ್ತದೆ. ಆಗಿರದಿದ್ದರೆ ಪಾಸ್‌ವರ್ಡ್ ಸಹಿತ ಎಲ್ಲವನ್ನೂ ಓದಬಹುದು. 2007ರಲ್ಲಿ ಸ್ವೀಡನ್ನಿನ ಭದ್ರತಾ ಸಲಹೆಗಾರರೊಬ್ಬರು ಐದು ಎಕ್ಸಿಟ್ ರಿಲೇಗಳನ್ನು ನಡೆಸಿ, ಹಾದುಹೋಗುವ ಬಯಲು ಡೇಟಾದಿಂದಲೇ ಮೇಲ್ ಪಾಸ್‌ವರ್ಡ್‌ಗಳನ್ನು ಹೆಕ್ಕಿದರು. ಅವರು ಪ್ರಕಟಿಸಿದ 100 ಖಾತೆಗಳಲ್ಲಿ ಹಲವು ದೇಶಗಳ ರಾಯಭಾರ ಕಚೇರಿಗಳವು ಇದ್ದವು, ಭಾರತದವೂ ಸೇರಿ. ಟಾರ್ ಬ್ರೌಸರ್ ಈಗ HTTPS ಇಲ್ಲದ ತಾಣಕ್ಕೆ ಹೋಗುವ ಮುನ್ನ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಒತ್ತಿ ದಾಟಬೇಡಿ.

ಎಕ್ಸಿಟ್‌ನ ಆಚೆಯ ತಾಣಕ್ಕೆ ನಿಮ್ಮ ಐಪಿ ಕಾಣದು, ಆದರೆ ನೀವೇ ಹೇಳಿದ್ದೆಲ್ಲ ಕಾಣುತ್ತದೆ. ನಿಮ್ಮ ಹೆಸರಿನ ಖಾತೆಗೆ ಲಾಗಿನ್ ಆದರೆ ಅವರಿಗೆ ನೀವು ನೀವೇ. ಒಂದು ಕೆಲಸ ಮುಗಿಸಿ ಸಂಬಂಧವಿಲ್ಲದ ಇನ್ನೊಂದಕ್ಕೆ ಹೋಗುವ ಮುನ್ನ `New Identity` ಒತ್ತಿ. ಅದು ಎಲ್ಲ ಟ್ಯಾಬ್ ಮುಚ್ಚಿ, ಕುಕೀ ಅಳಿಸಿ, ಹೊಸ ದಾರಿ ಹಿಡಿಯುತ್ತದೆ. ಬ್ರೌಸರ್‌ಗೆ ಆಡ್-ಆನ್ ಸೇರಿಸಬೇಡಿ: ಎಲ್ಲರ ಟಾರ್ ಬ್ರೌಸರ್ ಒಂದೇ ಥರ ಕಾಣುವುದೇ ಅದರ ಬಲ, ನಿಮ್ಮದು ಬೇರೆಯಾಗಿ ಕಂಡರೆ ಅದೇ ಗುರುತಾಗುತ್ತದೆ. ಇಳಿಸಿಕೊಂಡ ವರ್ಡ್ ಅಥವಾ ಪಿಡಿಎಫ್ ಕಡತವನ್ನು ನೆಟ್ ಸಂಪರ್ಕ ಕಡಿದ ಮೇಲೆಯೇ ತೆರೆಯಿರಿ. ಅದರೊಳಗೆ ಹೊರಗಿನ ಚಿತ್ರವೊಂದರ ಕೊಂಡಿ ಇದ್ದರೆ, ಕಡತ ತೆರೆದ ತಂತ್ರಾಂಶ ಆ ಚಿತ್ರವನ್ನು ನಿಮ್ಮ ನಿಜವಾದ ವಿಳಾಸದಿಂದ ನೇರವಾಗಿ ತರಿಸಿಕೊಳ್ಳಬಹುದು.