ಮುಂದೂಡುವ ಮೊದಲು ಒಂದು ಸಾಲು ಬರೆಯಿರಿ

ಸುರತ್ಕಲ್, ಮಣಿಪಾಲ ಕಡೆ ಪ್ರಾಜೆಕ್ಟ್ ರಿಪೋರ್ಟ್ ಮುಂದೂಡುತ್ತಿರುವ ಮಕ್ಕಳಿಗೆ: ಅದನ್ನು ನೆನೆದರೆ ಏನನ್ನಿಸುತ್ತದೆ ಎಂದು ಮೊದಲು ಒಂದೇ ಸಾಲು ಬರೆಯಿರಿ. ‘ಗೈಡ್ ಬೈತಾರೆ ಅಂತ ಹೆದರಿಕೆ’, ಅಷ್ಟು ಸಾಕು. ಆಮೇಲೆ ಆ ಹೆದರಿಕೆ ತಾಗದ ಚೂರಿನಿಂದ ಶುರು ಮಾಡಿ. ಹತ್ತು ನಿಮಿಷ ಬರೀ ಗ್ರಾಫ್‌ಗಳ ಕೆಳಗಿನ ವಿವರಣೆ ಬರೆಯಿರಿ. ನಾವು ತಪ್ಪಿಸಿಕೊಳ್ಳುವುದು ಕೆಲಸ ತರುವ ಸಂಕಟದಿಂದ. ಮೊಬೈಲ್ ಹಿಡಿದ ಕೂಡಲೇ ಮನಸ್ಸು ಹಗುರವಾಗುತ್ತದೆ ಅಲ್ವಾ, ಅದೇ ಅಭ್ಯಾಸವಾಗಿ ಬಿಡುತ್ತದೆ. ಮನಶ್ಶಾಸ್ತ್ರಜ್ಞರಾದ ಫುಷಿಯಾ ಸಿರ್ವಾ, ಟಿಮೊಥಿ ಪಿಚಲ್ 2013ರಲ್ಲಿ ಇದನ್ನೇ ವಿವರಿಸಿದ್ದಾರೆ. ಸೋಮಾರಿ ಅಂತ ನಿಮ್ಮನ್ನೇ ಬೈದುಕೊಂಡರೆ ಸಂಕಟ ಜಾಸ್ತಿಯಾಗುತ್ತದೆ, ಕೆಲಸ ಇನ್ನೂ ಮುಂದಕ್ಕೆ ಹೋಗುತ್ತದೆ. ವಿಷಯವೇ ಅರ್ಥವಾಗದೆ ನಿಂತಿದ್ದರೆ ಮಾತ್ರ ಈ ಉಪಾಯ ನಡೆಯದು, ಯಾರನ್ನಾದರೂ ಕೇಳಲೇಬೇಕು. ವಾರಗಟ್ಟಲೆ ಇಷ್ಟದ ಆಟಕ್ಕೂ ಮನಸ್ಸು ಬರುತ್ತಿಲ್ಲ ಎಂದಾದರೆ ಡಾಕ್ಟರನ್ನು ಕಾಣಿ.